ಕೇಳುವುದನ್ನೇ ಬಿಟ್ಟ ಮೇಲೆ

ಮಾನ್ಯ ಸಂಪಾದಕರೇ,
ನನಗೆ ಮದುವೆಯಾಗಿ ಹದಿನಾಲ್ಕು ವರ್ಷ. ಅತ್ತೆಗೆ ಪಾರ್ಶ್ವವಾಯು ಬಡಿದಾಗ ಶಿವಮೊಗ್ಗದ ಶಾಲೆಯ ಕೆಲಸ ಬಿಟ್ಟು ಇಲ್ಲಿನ ತೋಟದ ಮನೆಗೆ ಬಂದೆ. ಅಡಿಕೆ ಸುಗ್ಗಿಯಲ್ಲಿ ಸುಲಿಯಲು ಬರುವವರಿಗೆಲ್ಲ ಅಡುಗೆ ನನ್ನದೇ. ಇವರು ಒಂದು ದಿನವೂ ಅದನ್ನು ಎತ್ತಿ ಆಡಿದವರಲ್ಲ. ಮೊದಲು ಜಗಳವಾಡುತ್ತಿದ್ದೆ, ಈಗ ಅದೂ ಇಲ್ಲ. ಕಳೆದ ತಿಂಗಳು ನಾನು ಕೇಳದೆಯೇ ಗ್ರೈಂಡರ್ ತಂದರು. ಆಳುಗಳ ದೋಸೆಗೆ ತಂದಿರಬೇಕು ಎಂದುಕೊಂಡೆ. ನೆಂಟರ ಮುಂದೆ ಇವರು ಮಾತನಾಡಿದರೆ ನನ್ನ ತುಟಿ ತಾನಾಗಿ ಕೊಂಕುತ್ತದೆ. ಇದು ಬರೀ ದಣಿವೇ?
— ಒಬ್ಬ ಓದುಗಿ, ತೀರ್ಥಹಳ್ಳಿ ತಾಲ್ಲೂಕು

ಮಾನ್ಯರೇ,

ದಣಿವು ಇದ್ದೇ ಇದೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಸುಗ್ಗಿಯ ಅಡುಗೆಗಿಂತ ಹೆಚ್ಚಾಗಿ ಆ ಗ್ರೈಂಡರ್. ‘ನಾನು ಇಷ್ಟೆಲ್ಲ ಮಾಡಿದೆ, ನೀವು ಒಂದು ಮಾತೂ ಆಡಲಿಲ್ಲ’ ಎಂದು ಜಗಳವಾಡುವವರೆಗೆ ಮನಸ್ಸು ಉತ್ತರಕ್ಕೆ ಕಾಯುತ್ತಿರುತ್ತದೆ. ದೂರು ನಡೆದ ಸಂಗತಿಯ ಬಗ್ಗೆ ಇರುತ್ತದೆ. ವರ್ಷಗಟ್ಟಲೆ ಉತ್ತರ ಬಾರದಿದ್ದಾಗ ಕಾಯುವುದು ನಿಂತು, ‘ಇವರು ಇರುವುದೇ ಹೀಗೆ’ ಎಂಬ ತೀರ್ಮಾನ ಆ ಜಾಗದಲ್ಲಿ ಕೂರುತ್ತದೆ. ಅದು ಕೂತ ಮೇಲೆ ಅವರು ಮಾಡಿದ ಒಳ್ಳೆಯದಕ್ಕೂ ಒಂದು ಸ್ವಾರ್ಥದ ಕಾರಣ ತಾನಾಗಿ ಹೊಳೆಯುತ್ತದೆ. ಮನೆ ಶಾಂತವಾಯಿತೆಂದು ಸುತ್ತಲಿನವರು ನೆಮ್ಮದಿಪಡುವ ಈ ಘಟ್ಟವೇ ಜಗಳದ ದಿನಗಳಿಗಿಂತ ಹೆಚ್ಚು ಅಪಾಯದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಗಾಟ್‌ಮನ್ ಮತ್ತು ರಾಬರ್ಟ್ ಲೆವೆನ್‌ಸನ್ ಅವರು ಅನೇಕ ದಂಪತಿಗಳ ಮಾತುಕತೆಯನ್ನು ಚಿತ್ರೀಕರಿಸಿಕೊಂಡು, ಅವರ ದಾಂಪತ್ಯ ಮುಂದೇನಾಯಿತೆಂದು ವರ್ಷಗಳ ಕಾಲ ಗಮನಿಸಿದರು. ವ್ಯಕ್ತಿಯನ್ನೇ ಹಳಿಯುವುದು, ತನ್ನ ತಪ್ಪಿಲ್ಲವೆಂದು ಸಮರ್ಥಿಸಿಕೊಳ್ಳುವುದು, ಮಾತೇ ನಿಲ್ಲಿಸುವುದು ಇವೆಲ್ಲವುಗಳಿಗಿಂತ ತಿರಸ್ಕಾರವೇ ವಿಚ್ಛೇದನದ ಬಲವಾದ ಮುನ್ಸೂಚನೆ ಎಂದು ಗಾಟ್‌ಮನ್ ಹೇಳುತ್ತಾರೆ. ಅದು ಮುಖದಲ್ಲಿ ಕಾಣಿಸುವುದು ಅಣಕದ ನಗೆಯಾಗಿ, ಕಣ್ಣು ಮೇಲೆ ಹೊರಳಿಸುವುದಾಗಿ, ತುಟಿಯ ಒಂದು ಅಂಚು ಮಾತ್ರ ಮೇಲೇಳುವುದಾಗಿ. ನಿಮ್ಮ ತುಟಿಯನ್ನು ನೀವೇ ಗಮನಿಸಿ ಗಾಬರಿಗೊಂಡಿದ್ದೀರಿ. ಆ ಗಾಬರಿಯೇ, ಅದಿನ್ನೂ ಗಟ್ಟಿಯಾಗಿಲ್ಲ ಎಂಬುದಕ್ಕೆ ಸಾಕ್ಷಿ.

ಪರೀಕ್ಷಿಸಿ ನೋಡಲು ಒಂದು ದಾರಿ ಇದೆ. ಎರಡು ವಾರ, ರಾತ್ರಿ ಮಲಗುವ ಮುನ್ನ ಯಜಮಾನರು ಆ ದಿನ ಮಾಡಿದ ಒಂದು ಕೆಲಸವನ್ನೂ ಅದಕ್ಕೆ ನಿಮಗೆ ಮೊದಲು ಹೊಳೆದ ಕಾರಣವನ್ನೂ ಬರೆಯಿರಿ. ಪಕ್ಕದಲ್ಲಿ, ಇರಬಹುದಾದ ಇನ್ನೊಂದು ಕಾರಣವನ್ನು ಬರೆಯಿರಿ. ಗ್ರೈಂಡರಿನ ಸಾಲಿನಲ್ಲಿ ‘ನನ್ನ ಕೈನೋವು ಕಂಡಿರಬಹುದು’ ಎಂದು ಬರೆಯಲು ಸಾಧ್ಯವಾದರೆ, ಸಿಟ್ಟು ಬಂದರೂ ಚಿಂತೆಯಿಲ್ಲ, ನಿಮ್ಮಲ್ಲಿರುವುದು ಇನ್ನೂ ಅಸಮಾಧಾನವೇ. ಯಾವ ಸಾಲಿನಲ್ಲಿಯೂ ಎರಡನೆಯ ಕಾರಣ ಹೊಳೆಯದಿದ್ದರೆ, ಅಥವಾ ಹೊಳೆದರೂ ಬರೆಯಲು ಮನಸ್ಸು ಒಪ್ಪದಿದ್ದರೆ, ಇಬ್ಬರೇ ಕೂತು ಬಗೆಹರಿಸುವ ಹಂತ ದಾಟಿದೆ. ಆಗ ಶಿವಮೊಗ್ಗದಲ್ಲಿ ಒಬ್ಬ ಆಪ್ತಸಮಾಲೋಚಕರನ್ನು ಕಾಣಿ.

ಇನ್ನೊಂದು ಪ್ರಶ್ನೆಯನ್ನು ನಿಮ್ಮ ಮೇಲೆ ತಪ್ಪು ಹೊರಿಸಲೆಂದಲ್ಲದೆ ಕೇಳುತ್ತೇನೆ. ಕೆಲಸ ಬಿಡುವಾಗ ಅದರ ಬೆಲೆ ಏನೆಂದು ಅವರಿಗೆ ಹೇಳಿದ್ದಿರಾ? ನಮ್ಮ ಕಡೆಯ ಮನೆಗಳಲ್ಲಿ ಇಂಥ ನಿರ್ಧಾರಗಳು ಜಗಲಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತವೆ, ಸೊಸೆ ‘ಅಡ್ಡಿಲ್ಲ’ ಎನ್ನುತ್ತಾಳೆ, ಎಲ್ಲರೂ ಅದನ್ನೇ ನಂಬುತ್ತಾರೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಸಂಶೋಧಕರು, ಮನೆಗೆಲಸಗಳಲ್ಲಿ ತಮ್ಮ ಪಾಲೆಷ್ಟು ಎಂದು ಗಂಡ-ಹೆಂಡತಿಯರನ್ನು ಬೇರೆಬೇರೆಯಾಗಿ ಕೇಳಿದಾಗ, ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಪಾಲನ್ನು ಕೂಡಿಸಿದರೆ ನೂರಕ್ಕಿಂತ ಹೆಚ್ಚು ಬಂದಿತ್ತು. ತಾನು ಮಾಡಿದ್ದು ಪ್ರತಿಯೊಬ್ಬರಿಗೂ ಸುಲಭವಾಗಿ ನೆನಪಾಗುತ್ತದೆ. ಹೀಗಾಗಿ ಕೊಳೆರೋಗದ ಮಳೆಯಲ್ಲಿ ಬೋರ್ಡೋ ಹೊಡೆಸಿದ್ದು, ತೋಟದ ಸಾಲ ತೀರಿಸಿದ್ದು ಅವರ ಮನಸ್ಸಿನಲ್ಲೂ ಯಾರೂ ಕೇಳದ ಲೆಕ್ಕವಾಗಿ ಉಳಿದಿರಬಹುದು.

ಮಾತನಾಡುವುದಾದರೆ ಸುಗ್ಗಿ ಮುಗಿದ ಮೇಲೆ, ಅತ್ತೆ ಮತ್ತು ಮಕ್ಕಳು ಹತ್ತಿರವಿಲ್ಲದಾಗ ಆಡಿ. ಹದಿನಾಲ್ಕು ವರ್ಷದ ಪಟ್ಟಿಯನ್ನು ಬಿಚ್ಚಬೇಡಿ, ಒಂದೇ ವಿಷಯ ಎತ್ತಿಕೊಳ್ಳಿ. ಇಂಥ ಮಾತುಕತೆಯ ಮೊದಲ ಮೂರು ನಿಮಿಷದ ಧಾಟಿಯೇ ಮುಂದಿನದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದನ್ನೂ ಗಾಟ್‌ಮನ್ ತೋರಿಸಿದ್ದಾರೆ. ‘ನಿಮಗೆ ನನ್ನ ಬಗ್ಗೆ ಯಾವತ್ತೂ ಕಾಳಜಿ ಇಲ್ಲ’ ಎಂದು ಶುರುಮಾಡಿದರೆ ಅವರು ತಮ್ಮ ಸಮರ್ಥನೆಗೆ ಇಳಿಯುತ್ತಾರೆ. ‘ಶಾಲೆ ಬಿಟ್ಟದ್ದು ನನಗೆ ಬಹಳ ಕಷ್ಟವಾಯಿತು, ಆಗ ಅಡ್ಡಿಲ್ಲ ಎಂದೆ, ಆದರೆ ನಿಜವಾಗಿ ಅಡ್ಡಿ ಇತ್ತು. ಅದನ್ನು ನೀವು ಗಮನಿಸಿದ್ದೀರಿ ಎಂದು ನಿಮ್ಮ ಬಾಯಿಂದ ಕೇಳಬೇಕು ಅನಿಸುತ್ತದೆ. ಮುಂದಿನ ಸುಗ್ಗಿಗೆ ಅಡುಗೆಗೆ ಒಬ್ಬರನ್ನು ಇಡೋಣ’ ಎಂದರೆ ಅವರು ಉತ್ತರಿಸಬಹುದಾದ ಮಾತು ಅಲ್ಲಿರುತ್ತದೆ. ಅವರು ತಮ್ಮ ಕಷ್ಟವನ್ನು ಹೇಳತೊಡಗಿದರೆ ತಡೆಯದೆ ಕೇಳಿಸಿಕೊಂಡು, ನಂತರ ನಿಮ್ಮ ಮಾತಿಗೆ ಹಿಂದಿರುಗಿ. ಅಂದು ಮೌನವಾಗಿದ್ದರೆ ಅದನ್ನೇ ಉತ್ತರವೆಂದು ತೀರ್ಮಾನಿಸದೆ ಕೆಲವು ವಾರ ಅವರ ನಡೆಯನ್ನು ಗಮನಿಸಿ.

ಇದೆಲ್ಲ ಅನ್ವಯಿಸುವುದು ಮೆಚ್ಚುಗೆಯ ಕೊರತೆಗೆ ಮಾತ್ರ. ನೀವು ಸ್ಪಷ್ಟವಾಗಿ ಹೇಳಿದ ಮೇಲೂ ಅವರು ಗೇಲಿ ಮಾಡುವುದು, ಖರ್ಚಿಗೆ ಹಣ ತಡೆಯುವುದು, ಕೈ ಎತ್ತುವುದು ನಡೆಯುತ್ತಿದ್ದರೆ ನಿಮ್ಮ ಸಿಟ್ಟು ಸರಿಯಾದುದನ್ನೇ ಹೇಳುತ್ತಿದೆ. ಆಗ ಮಾತಿನ ಧಾಟಿ ತಿದ್ದಿಕೊಳ್ಳುತ್ತ ಕೂರದೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

— ಸಂಪಾದಕ