ರಾತ್ರಿಯಿಡೀ ಬಯಲಾಟದ ಲೈವ್: ಚಾಟ್ ಹಿಡಿತದಲ್ಲಿಡುವುದು ಹೇಗೆ

ಪ್ರಶ್ನೆ: ಬಳ್ಳಾರಿ ಕಡೆ ನಮ್ಮೂರ ಬಯಲಾಟವನ್ನ ಯೂಟ್ಯೂಬ್‌ನಲ್ಲಿ ರಾತ್ರಿಯಿಡೀ ಲೈವ್ ಹಾಕ್ತೀವಿ. ಚಾಟ್‌ನಲ್ಲಿ ಬೈಗುಳ, ಸ್ತ್ರೀಪಾತ್ರ ಮಾಡೋ ಕಲಾವಿದೆಯರ ಬಗ್ಗೆ ಕೊಳಕು ಮಾತು. ಕೆಟ್ಟ ಪದ ಎಲ್ಲ ಬ್ಲಾಕ್ ಮಾಡಿದೀವಿ, ಆದ್ರೂ ನಿಲ್ತಿಲ್ಲ. ಚಾಟೇ ಬಂದ್ ಮಾಡಬೇಕಾ?

ಬಂದ್ ಮಾಡಬೇಡಿ. ಬೆಂಗಳೂರು, ಗೋವಾ ಅಂತ ದುಡಿಯೋಕೆ ಹೋದವರು ರಾತ್ರಿ ಎರಡು ಗಂಟೆಗೆ ಕೂತು ನೋಡುತ್ತಾರೆ ಅಂದರೆ ಅದಕ್ಕೆ ಅರ್ಧ ಕಾರಣ ಆ ಚಾಟ್. "ಮಾಮಾ ನಿನ್ನ ಪಾರ್ಟು ಚಲೋ ಆತು" ಅಂತ ಬರೆಯೋಕೆ ಅವರಿಗೆ ಬೇರೆ ಜಾಗ ಇಲ್ಲ. ನಾನು ಸಿರುಗುಪ್ಪ ಸುತ್ತಮುತ್ತ ಬಯಲಾಟಗಳ ಲೈವ್ ನೋಡಿಕೊಳ್ಳುತ್ತೇನೆ. ನಿಮ್ಮ ತೊಂದರೆ ಎಲ್ಲಿದೆ ಅಂದರೆ, ಇಡೀ ಭಾರವನ್ನ ಪದಗಳ ಪಟ್ಟಿ ಮೇಲೆ ಹಾಕಿದ್ದೀರಿ. ಪಟ್ಟಿಗೆ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಮಾತು ತಿಳಿಯೋದು ಮನುಷ್ಯರಿಗೆ. ಆ ಮನುಷ್ಯರಿಗೆ ಓದೋಕೆ ಪುರುಸೊತ್ತು ಕೊಡೋದು ಸ್ಲೋ ಮೋಡ್, ಅಂದರೆ ಒಂದು ಮೆಸೇಜ್ ಹಾಕಿದವರು ಇನ್ನೊಂದು ಹಾಕೋಕೆ ಸ್ವಲ್ಪ ಹೊತ್ತು ಕಾಯೋ ಹಾಗೆ ಮಾಡೋ ಸೆಟ್ಟಿಂಗ್. ಈ ಮೂರೂ ಸೇರಿದರೆ ಮಾತ್ರ ಕೆಲಸ ಆಗುತ್ತದೆ.

ಮೊದಲು ಪಟ್ಟಿ. ಯೂಟ್ಯೂಬ್ ಸ್ಟುಡಿಯೋದ Settings ಒಳಗೆ Community ಅಂತ ಇದೆಯಲ್ವಾ, ಅಲ್ಲೇ Blocked words ಸಿಗುತ್ತದೆ. ಪದಗಳನ್ನ ಅಲ್ಪವಿರಾಮ ಹಾಕಿ ಒಂದರ ಪಕ್ಕ ಒಂದು ಬರೆಯಬೇಕು. ನಮ್ಮ ಕಡೆ ಜನ ಒಂದೇ ಭಾಷೆಯಲ್ಲಿ ಬೈಯೋದಿಲ್ಲ. ಕನ್ನಡ ಇದೆ, ತೆಲುಗು ಇದೆ, ಉರ್ದು ಇದೆ, ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದ ಹಾಗೆ ಹೊಡೆಯುತ್ತಾರೆ. "ನಾಯಿ" ಅನ್ನೋ ಒಂದೇ ಪದಕ್ಕೆ nayi, naayi, nai, nayee ಅಂತ ನಾಲ್ಕು ರೂಪ. ಅದಕ್ಕೇ ನಿಮ್ಮ ಪಟ್ಟಿ ಸೋಲ್ತಾ ಇರೋದು. ಅಕ್ಷರಗಳ ನಡುವೆ ಚುಕ್ಕಿ ಇಟ್ಟು ಬರೆಯುವವರನ್ನಂತೂ ಎಷ್ಟು ಉದ್ದದ ಪಟ್ಟಿ ಮಾಡಿದರೂ ಪೂರ್ತಿ ಹಿಡಿಯೋಕೆ ಆಗಲ್ಲ.

ಅದಕ್ಕಿಂತ ದೊಡ್ಡ ತೊಂದರೆ, ಪಟ್ಟಿ ಒಳ್ಳೆಯ ಮಾತನ್ನೂ ತಿಂದುಹಾಕೋದು. ಒಂದು ಉದಾಹರಣೆ ಕೊಡುತ್ತೇನೆ, ನೀವೂ ಇದಕ್ಕೆ ಸಿಕ್ಕೇ ಸಿಗುತ್ತೀರಿ. ಉರ್ದು-ಹಿಂದಿಯಲ್ಲಿ ಕತ್ತೆ ಅಂತ ಬೈಯೋಕೆ gadha, gadhe ಅಂತ ಬರೆಯುತ್ತಾರೆ. ಸಹಜವಾಗಿ ಪಟ್ಟಿಗೆ ಹೀಗೆ ಸೇರಿಸುತ್ತೀರಿ:

```
gadha,gadhe,nayi,naayi,halkat
```

ಈಗ ಆಟದಲ್ಲಿ ಭೀಮ ಬಂದ, ದುರ್ಯೋಧನ ಬಂದ, ಗದೆ ಎತ್ತಿದರು. ಹುಡುಗರು ಚಾಟ್‌ನಲ್ಲಿ "bheemana gadhe super", "gadha yuddha yavaga" ಅಂತ ಹೊಡೆಯುತ್ತಾರೆ. ಇಡೀ ರಾತ್ರಿಯ ಅತಿ ಉತ್ಸಾಹದ ಹೊತ್ತಿನಲ್ಲಿ ಮೆಚ್ಚಿಕೊಂಡವರ ಮಾತೆಲ್ಲ ತಡೆ ಆಗಿ, ಚಾಟ್ ಇದ್ದಕ್ಕಿದ್ದ ಹಾಗೆ ತಣ್ಣಗಾಗುತ್ತದೆ. ನಿಮಗೆ ಕಾರಣವೇ ಗೊತ್ತಾಗಲ್ಲ. ಯಾಕೆಂದರೆ ಲೈವ್ ಚಾಟ್‌ನಲ್ಲಿ ಬ್ಲಾಕ್ ಪದ ಇರೋ ಮೆಸೇಜ್ ಪಕ್ಕಕ್ಕೆ ಎತ್ತಿಟ್ಟು ನಿಮ್ಮನ್ನ ಕೇಳೋದಿಲ್ಲ, ಸೀದಾ ತಡೆದುಬಿಡುತ್ತದೆ. ಆದ್ದರಿಂದ ಆಟ ಯಾವುದು ಅಂತ ತಿಳಿದ ಮೇಲೆ ಆ ಪ್ರಸಂಗದ ಪಾತ್ರ, ಆಯುಧ, ಊರು, ಕಲಾವಿದರ ಹೆಸರು ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಪಟ್ಟಿ ಜೊತೆ ಹೋಲಿಸಿ ನೋಡಿ. ಜಾತಿ ಹೆಸರುಗಳನ್ನ ಪಟ್ಟಿಗೆ ಹಾಕೋ ಮುಂಚೆ ಇನ್ನೂ ಯೋಚನೆ ಮಾಡಿ. ಎಷ್ಟೋ ಜನರ ಅಡ್ಡಹೆಸರೇ ಅದು. ಅವರು ಕಾಣಿಕೆ ಕಳಿಸಿ "ನಮ್ಮ ಹೆಸರು ಕೂಗಿಸ್ರಿ" ಅಂತ ಬರೆದರೆ ಆ ಮೆಸೇಜೇ ಕಾಣೋದಿಲ್ಲ.

ಪಟ್ಟಿ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡೋಕೆ ಒಂದು ದಿನ ಮೊದಲೇ Unlisted ಅಂತ ಇಟ್ಟು ಐದು ನಿಮಿಷದ ಸುಮ್ನೆ ಲೈವ್ ಮಾಡಿ. ಆದರೆ ಚಾನೆಲ್ ಅಕೌಂಟಿನಿಂದ ಪದ ಹೊಡೆದು ನೋಡಬೇಡಿ, ಚಾಟ್ ಕಾಯೋಕೆ ನೀವು ನೇಮಿಸಿದ ಮಾಡರೇಟರ್ ಅಕೌಂಟಿನಿಂದಲೂ ಬೇಡ. ಅವರ ಮೆಸೇಜ್‌ಗೆ ಈ ಜರಡಿ ಹಿಡಿಯೋದಿಲ್ಲ, ಹಾಗಾಗಿ "ನಮ್ಮ ಪಟ್ಟಿ ಕೆಲಸಾನೇ ಮಾಡ್ತಿಲ್ಲ" ಅಂತ ತಪ್ಪು ತಿಳಿಯುತ್ತೀರಿ. ಚಾನೆಲ್ ಜೊತೆ ಸಂಬಂಧ ಇಲ್ಲದ ಮನೆಯವರ ಫೋನಿನಿಂದ ಕಳಿಸಿ, ಮೂರನೇ ಫೋನಿನಲ್ಲಿ ಕಾಣುತ್ತದಾ ಅಂತ ನೋಡಿ. ಪಟ್ಟಿಯಲ್ಲಿ ನಿಜವಾದ ಕೆಟ್ಟ ಬೈಗುಳ ಮಾತ್ರ ಉಳಿಯಲಿ. ಚಿಕ್ಕ ಪಟ್ಟಿಯೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಅದೇ ಜಾಗದಲ್ಲಿ ಲಿಂಕ್ ತಡೆಯೋ ಟಿಕ್ ಇದೆ, ಅದನ್ನ ಮರೆಯದೆ ಹಾಕಿ.

ಇನ್ನು ಮಾಡರೇಟರ್. ಎಲ್ಲರೂ ತಪ್ಪೋದು ಇಲ್ಲೇ. ಆಟದ ಜಾಗದಲ್ಲಿ ಕೂತ ಹುಡುಗನಿಗೆ ಮಾಡರೇಟರ್ ಕೊಡುತ್ತಾರೆ. ಬಯಲಲ್ಲಿ ಅಷ್ಟು ಜನ ಸೇರಿದಾಗ ಒಂದೇ ಟವರ್ ಮೇಲೆ ಎಲ್ಲರ ಫೋನೂ ಬೀಳುತ್ತದೆ. ನಿಮ್ಮ ಲೈವೂ ಅದರಲ್ಲೇ ಹೋಗ್ತಿರುತ್ತದೆ. ಅವನ ಫೋನಿನಲ್ಲಿ ಚಾಟ್ ಗಿರಗಿರ ತಿರುಗ್ತಾ ನಿಂತಿರುತ್ತದೆ, ಹೊರಗಿನವರು ಕೊಳಕನ್ನ ಓದ್ತಿರುತ್ತಾರೆ. ಮನೆಯಲ್ಲಿ ವೈಫೈ ಇರೋ ಒಬ್ಬರನ್ನ ಆರಿಸಿ. ಅವರು ಊರಲ್ಲೇ ಇರಬೇಕು ಅಂತೇನಿಲ್ಲ, ಬೆಂಗಳೂರಲ್ಲಿರೋ ಊರ ಹುಡುಗಿ ಆದರೂ ಆಗುತ್ತದೆ. ಆದರೆ ನಮ್ಮ ಮಾತಿನ ಒಳ ಅರ್ಥ ತಿಳಿಯಬೇಕು. ಯಾವ ಓಣಿಗೂ ಯಾವ ಓಣಿಗೂ ಜಗಳ, ಯಾರ ಅಡ್ಡಹೆಸರು ಹೇಳಿದರೆ ಯಾರಿಗೆ ಚುಚ್ಚುತ್ತದೆ ಅನ್ನೋದು ಹೊರಗಿನವರಿಗೆ ತಿಳಿಯೋದಿಲ್ಲ. ಒಬ್ಬೊಬ್ಬರೇ ಇಡೀ ರಾತ್ರಿ ಆಗೋದಿಲ್ಲ. ಎರಡು ಗಂಟೆವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಕೊಳಕು ಜಾಸ್ತಿ ಬರೋದೂ ನಡುರಾತ್ರಿ ಆದ ಮೇಲೇ.

ಸ್ಟುಡಿಯೋದಲ್ಲಿ ಎರಡು ತರ ಮಾಡರೇಟರ್ ಇದ್ದಾರೆ: Standard, Managing. ಮೆಸೇಜ್ ಅಳಿಸೋದು, ಸ್ವಲ್ಪ ಹೊತ್ತು ಬಾಯಿ ಮುಚ್ಚಿಸೋದು ಇಬ್ಬರಿಗೂ ಆಗುತ್ತದೆ. ಎರಡನೆಯವರಿಗೆ ಚಾಟ್‌ನ ಸೆಟ್ಟಿಂಗ್ ಬದಲಿಸೋ ಅಧಿಕಾರವೂ ಇರುತ್ತದೆ. ನಿಮ್ಮ ಕೈಯೆಲ್ಲ ಕ್ಯಾಮೆರಾ, ಮೈಕಿನ ಮೇಲಿರುತ್ತದೆ, ಅದಕ್ಕೇ ನಂಬಿಗಸ್ತ ಒಬ್ಬರಿಗೆ ಇದನ್ನ ಕೊಟ್ಟಿಡಿ. ಚಾನೆಲ್‌ನ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ, ಅದರ ಅಗತ್ಯ ಇಲ್ಲ.

ಕಲಾವಿದೆಯರ ವಿಷಯಕ್ಕೆ ಬರ್ತೀನಿ, ನೀವು ಕೇಳಿದ್ದೇ ಅದನ್ನ, ಮತ್ತೆ ಇದು ನನಗೆ ತುಂಬಾ ಸಂಕಟ ಕೊಡೋ ವಿಷಯ. ಹತ್ತೂವರೆ ಹೊತ್ತಿಗೆ ದ್ರೌಪದಿ ಪಾತ್ರದವರು ರಂಗಕ್ಕೆ ಬಂದರು ಅನ್ನಿ. ಒಬ್ಬ "ನಂಬರ್ ಕೊಡ್ರಿ" ಅಂತಾನೆ. ಇದರಲ್ಲಿ ಒಂದೂ ಕೆಟ್ಟ ಪದ ಇಲ್ಲ, ಪಟ್ಟಿ ಸುಮ್ಮನಿರುತ್ತದೆ. ಇನ್ನೊಬ್ಬ ನಗುವ ಚಿತ್ರ ಹಾಕುತ್ತಾನೆ. ಮೂರನೆಯವನು ನಿಜವಾಗಿಯೂ ಹತ್ತು ಅಂಕಿ ಬರೆದುಬಿಡುತ್ತಾನೆ. ಅದು ಆಕೆಯದೇ ಆಗಿರಬಹುದು, ಬೇರೆ ಯಾವುದೋ ಹೆಣ್ಣುಮಗಳದ್ದೂ ಆಗಿರಬಹುದು, ಎರಡೂ ಕೇಡೇ. ಇಲ್ಲಿ ಕ್ರಮ ಹೀಗಿರಲಿ. ಮೊದಲು ಸ್ಕ್ರೀನ್‌ಶಾಟ್, ಎರಡು ಸೆಕೆಂಡಿನ ಕೆಲಸ. ತಕ್ಷಣ ಆ ನಂಬರಿನ ಮೆಸೇಜ್ ಅಳಿಸಿ. ಆಮೇಲೆ ಹಾಕಿದವನ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ ಅವನನ್ನ ಚಾನೆಲ್‌ನಿಂದಲೇ ಮರೆಮಾಡಿ. ಇದಕ್ಕೆ Hide user on this channel ಅಂತಾರೆ. ಇದರ ಗುಣ ಏನು ಅಂದರೆ ಅವನಿಗೆ ಯಾವ ಸೂಚನೆಯೂ ಹೋಗೋದಿಲ್ಲ. ಮರೆಮಾಡಿದ್ದು ತಿಳಿದರೆ ಆ ಕ್ಷಣವೇ ಇನ್ನೊಂದು ಅಕೌಂಟ್ ತೆರೆದು ಬರುವವರೇ ಜಾಸ್ತಿ. "ನಂಬರ್ ಕೊಡ್ರಿ" ಅಂದವನಿಗೆ ಮೊದಲ ಸಲ ಟೈಮ್‌ಔಟ್ ಸಾಕು, ಆ ಹೊತ್ತು ಮುಗಿಯೋವರೆಗೆ ಅವನು ಬರೆಯೋಕೆ ಆಗಲ್ಲ. ಮತ್ತೆ ಅದೇ ಮಾಡಿದರೆ ಮರೆಮಾಡಿ. ಚಾಟ್‌ನಲ್ಲಿ ಅವನಿಗೆ ಬುದ್ಧಿ ಹೇಳೋಕೆ ಹೋಗಬೇಡಿ. ಉತ್ತರ ಕೊಟ್ಟಷ್ಟೂ ಉಳಿದವರ ಕಣ್ಣು ಆ ಮಾತಿನ ಕಡೆಗೇ ಹೋಗುತ್ತದೆ. ಆ ಕಲಾವಿದೆಗೆ ಆಟ ಮುಗಿದ ಮೇಲೆ ವಿಷಯ ತಿಳಿಸಿ, ದೂರು ಕೊಡೋದು ಬಿಡೋದು ಅವರ ಇಷ್ಟ. ಕೊಡ್ತೀನಿ ಅಂದರೆ cybercrime.gov.in ಇದೆ, ನಿಮ್ಮ ಸ್ಕ್ರೀನ್‌ಶಾಟ್ ಬೇಕಾಗೋದು ಆಗಲೇ.

ಚಾಟ್ ಅನ್ನ ವಿಡಿಯೋ ಮೇಲೇ ತೋರಿಸ್ತಾ ಇದ್ದರೆ ಅದನ್ನ ಇವತ್ತೇ ತೆಗೆದುಹಾಕಿ. ಕೆಲವರು ಚೆಂದ ಕಾಣುತ್ತೆ ಅಂತ ಒಂದು ಮೂಲೆಯಲ್ಲಿ ಹರಿಯೋಕೆ ಬಿಡುತ್ತಾರೆ. ಹಾಗೆ ವಿಡಿಯೋ ಒಳಗೆ ಸೇರಿದ ಮಾತನ್ನ ಚಾಟ್‌ನಲ್ಲಿ ಅಳಿಸಿದರೂ ವಿಡಿಯೋದಲ್ಲಿ ಹಾಗೇ ಉಳಿಯುತ್ತದೆ.

ಸ್ಲೋ ಮೋಡ್ ಇದಕ್ಕೆಲ್ಲ ಸಮಯ ಕೊಡುತ್ತದೆ. ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಇಷ್ಟು ಸೆಕೆಂಡ್ ಕಾಯಬೇಕು ಅಂತ ನೀವು ಗೊತ್ತು ಮಾಡೋದು, 1 ಸೆಕೆಂಡಿನಿಂದ 300 ಸೆಕೆಂಡಿನವರೆಗೆ. ಇದು ಒಬ್ಬೊಬ್ಬರ ಲೆಕ್ಕ, ಇಡೀ ಚಾಟಿನ ಲೆಕ್ಕ ಅಲ್ಲ. ಒಬ್ಬನೇ ಕೂತು ಹತ್ತು ಸಲ ಒಂದೇ ಬೈಗುಳ ಹೊಡೀತಿದ್ದರೆ ಇದು ಚೆನ್ನಾಗಿ ಹಿಡಿಯುತ್ತದೆ. ನಲವತ್ತು ಜನ ಒಟ್ಟಿಗೆ ಬಂದರೆ 30 ಸೆಕೆಂಡ್ ಇಟ್ಟರೂ ಅರ್ಧ ನಿಮಿಷಕ್ಕೆ ನಲವತ್ತು ಮೆಸೇಜ್ ಬಂದೇ ಬರುತ್ತದೆ. ನಾನು ಶುರುವಿನಲ್ಲಿ 15 ಇಡುತ್ತೇನೆ, ಆಗ "ನಮಸ್ಕಾರ ರೀ", "ಎಲ್ಲಿಂದ ನೋಡ್ತಿದ್ದೀರಿ" ಅಂತ ಜನ ಮಾತಾಡಿಕೊಳ್ಳೋಕೆ ತೊಂದರೆ ಆಗಲ್ಲ. ಗದ್ದಲ ಶುರುವಾದರೆ 60. ಮೊದಲೇ 300 ಇಡಬೇಡಿ, ಐದು ನಿಮಿಷಕ್ಕೊಂದು ಮಾತು ಅಂದರೆ ಒಳ್ಳೆಯವರೇ ಮೊದಲು ಎದ್ದು ಹೋಗುತ್ತಾರೆ.

ಎಷ್ಟು ಇಡಬೇಕು ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಮಾಡರೇಟರ್‌ಗೆ ಫೋನ್ ಮಾಡಿ ಕೇಳಿ, "ಎಲ್ಲಾ ಓದೋಕೆ ಆಗ್ತಿದೆಯಾ, ಅಥವಾ ಮೇಲೆ ಓಡಿಹೋಗ್ತಿದೆಯಾ?" ಓಡಿಹೋಗ್ತಿದೆ ಅಂದರೆ ಸೆಕೆಂಡ್ ಏರಿಸಿ. ಬೇರೆ ಬೇರೆ ಹೊಸ ಹೆಸರಿನಿಂದ ಒಂದೇ ಮಾತು ಬರ್ತಿದೆ ಅಂದರೆ ಸೆಕೆಂಡ್ ಏರಿಸಿ ಪ್ರಯೋಜನ ಇಲ್ಲ, ಅದು ಯಾರೋ ಬೇಕಂತಲೇ ಕೂತು ಮಾಡಿಸ್ತಿರೋದು. ಆಗ ಚಾಟ್ ಅನ್ನ ಸಬ್‌ಸ್ಕ್ರೈಬರ್‌ಗಳಿಗೆ ಮಾತ್ರ ಅಂತ ಬದಲಿಸಿ, ಎಷ್ಟು ಹಳೆಯ ಸಬ್‌ಸ್ಕ್ರೈಬರ್ ಆಗಿರಬೇಕು ಅನ್ನೋದನ್ನೂ ಅಲ್ಲೇ ಇಡಿ. ಆ ಅವಧಿ ಇಡದಿದ್ದರೆ ಅವರು ಅದೇ ನಿಮಿಷ ಬಟನ್ ಒತ್ತಿ ಒಳಗೆ ಬರುತ್ತಾರೆ. ಗಲಾಟೆ ತಣ್ಣಗಾದ ಮೇಲೆ ಮತ್ತೆ ಎಲ್ಲರಿಗೂ ತೆರೆಯಿರಿ, ಯಾಕೆಂದರೆ ಮೊದಲ ಸಲ ನೋಡೋ ಬೀಗರು, ಕಲಾವಿದರ ಮನೆಯವರು ಸಬ್‌ಸ್ಕ್ರೈಬ್ ಮಾಡಿರೋದಿಲ್ಲ.

ಆಟ ಮುಗಿದ ಮೇಲೆ ಚಾಟ್ ಕೂಡ ವಿಡಿಯೋ ಜೊತೆ ಮರುಪ್ರಸಾರ ಆಗುತ್ತದೆ. ರಾತ್ರಿ ಜಾಸ್ತಿ ಹೊಲಸಾಗಿತ್ತು, ಎಲ್ಲ ಅಳಿಸೋಕೆ ಆಗಿಲ್ಲ ಅಂದರೆ ಆ ವಿಡಿಯೋದ ಸೆಟ್ಟಿಂಗ್‌ನಲ್ಲಿ Live chat replay ಆಫ್ ಮಾಡಿ. ವಿಡಿಯೋ ಕೆಳಗಿನ ಕಮೆಂಟ್‌ಗಳಿಗೂ ಇದೇ ಪದಗಳ ಪಟ್ಟಿ ಅನ್ವಯ ಆಗುತ್ತದೆ, ಆದರೆ ಅಲ್ಲಿ ತಡೆದುಬಿಡೋ ಬದಲು ನೀವು ನೋಡೋವರೆಗೆ ಹಿಡಿದಿಡುತ್ತದೆ. ಮರುದಿನ ಸ್ಟುಡಿಯೋದ ಕಮೆಂಟ್ ಪುಟದಲ್ಲಿ Held for review ತೆರೆದು ಓದಿ. ಭೀಮನ ಗದೆ ಹೊಗಳಿದ ಕಮೆಂಟ್ ಅಲ್ಲಿ ಸಿಕ್ಕಿಕೊಂಡಿದ್ದರೆ ಅದನ್ನ ಬಿಡುಗಡೆ ಮಾಡಿ, ಮುಂದಿನ ಆಟಕ್ಕೆ ಮೊದಲು ಪಟ್ಟಿಯಿಂದ gadhe ತೆಗೆಯಿರಿ.