ಒಗೆತ ಮುಗಿದರೂ ವಾಷಿಂಗ್ ಮಷಿನ್ ಬಾಗಿಲು ಬಿಡದಿದ್ದರೆ

ಪ್ರಶ್ನೆ: ನಮ್ಮ ಫ್ರಂಟ್ ಲೋಡ್ ಮಷಿನ್ನಿನಲ್ಲಿ ಒಗೆಯೋದು ಮುಗಿದು ಅರ್ಧ ಗಂಟೆಯಾಯ್ತು, ಬಾಗಿಲು ತೆಗೆಯೋಕೆ ಬರ್ತಿಲ್ಲ. ಗಾಜಿನ ಹಿಂದೆ ನೀರು ಕಾಣಿಸ್ತಿದೆ. ಯಾಕೆ ಹೀಗೆ? ಏನೂ ಮುರಿಯದೆ ತೆಗೆಯೋದು ಹೇಗೆ?

ಹಿಡಿಯನ್ನು ಜಗ್ಗಬೇಡಿ. ನಿಮ್ಮ ಮಷಿನ್ನಿನ ಲಾಕ್ ಕೆಟ್ಟಿಲ್ಲ ಅನ್ನುವುದು ನನ್ನ ಅಂದಾಜು. ನೀರು ಹೊರಗೆ ಹೋಗಿಲ್ಲ, ಅದಕ್ಕೇ ಅದು ಬಾಗಿಲನ್ನು ಹಿಡಿದುಕೊಂಡಿದೆ.

ಬಹಳಷ್ಟು ಮಷಿನ್ನುಗಳ ಲಾಕಿನೊಳಗೆ ಕರೆಂಟ್ ಹರಿದರೆ ಬಿಸಿಯಾಗುವ ಒಂದು ಬಿಲ್ಲೆ, ಬಿಸಿಗೆ ಬಾಗುವ ಒಂದು ಲೋಹದ ಪಟ್ಟಿ ಇರುತ್ತವೆ. ಪಟ್ಟಿ ಬಾಗಿದಾಗ ಒಂದು ಪುಟ್ಟ ಮೊಳೆ ಮುಂದೆ ಬಂದು ಬಾಗಿಲ ಕೊಕ್ಕೆಯನ್ನು ತಡೆಯುತ್ತದೆ. ಕರೆಂಟ್ ನಿಂತ ಮೇಲೆ ಪಟ್ಟಿ ಆರಿ ನೆಟ್ಟಗಾಗಲು ಒಂದೆರಡು ನಿಮಿಷ ಬೇಕು. ಆಗ ‘ಟಿಕ್’ ಎಂದು ಸದ್ದಾಗುತ್ತದೆ. ಒಗೆತ ಮುಗಿದ ತಕ್ಷಣ ಬಾಗಿಲು ಬಿಡದಿರುವುದು ಇದರಿಂದಲೇ, ಅದು ದೋಷವಲ್ಲ. ಆದರೆ ಅರ್ಧ ಗಂಟೆ ಕಳೆದರೂ ಬಿಡುತ್ತಿಲ್ಲ ಎಂದರೆ, ನೀರಿನ ಮಟ್ಟ ಅಳೆಯುವ ಸೆನ್ಸರ್ ‘ಒಳಗೆ ನೀರಿದೆ’ ಎಂದು ಹೇಳುತ್ತಲೇ ಇದೆ, ಬೋರ್ಡು ಲಾಕಿಗೆ ಕರೆಂಟ್ ಕೊಡುತ್ತಲೇ ಇದೆ.

ಮೊದಲು ಹಿಂದಿನ ಡ್ರೈನ್ ಪೈಪು ಗೋಡೆಗೆ ಒತ್ತಿ ಮಡಚಿಕೊಂಡಿದೆಯೇ ನೋಡಿ. ಸರಿಯಿದ್ದರೆ ಬರೀ ಡ್ರೈನ್ ಅಥವಾ ಸ್ಪಿನ್ ಹಾಕಿ ಕೆಳಗಡೆ ಕಿವಿಗೊಡಿ. ಪಂಪು ಗುಂಯ್‌ಗುಟ್ಟುತ್ತಿದ್ದರೂ ನೀರು ಹೋಗದಿದ್ದರೆ ಫಿಲ್ಟರ್ ಕಟ್ಟಿಕೊಂಡಿದೆ. ಅಂಗಿಯ ಗುಂಡಿ, ಚಿಲ್ಲರೆ ನಾಣ್ಯ, ಹೇರ್‌ಪಿನ್, ಮಗುವಿನ ಸಾಕ್ಸು, ಇವೇ ಸಾಮಾನ್ಯವಾಗಿ ಸಿಗುವುದು.

ಈಗ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿ. ಬಿಸಿನೀರಿನ ಒಗೆತವಾಗಿದ್ದರೆ ಬಾಗಿಲ ಗಾಜು ಮುಟ್ಟಿ ನೋಡಿ, ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. 60 ಡಿಗ್ರಿಯ ನೀರು ಕೈಮೇಲೆ ಬಿದ್ದರೆ ಸುಟ್ಟ ಗಾಯವಾಗುತ್ತದೆ. ಇಲ್ಲಿ ಮಾತ್ರ ಅವಸರ ಬೇಡವೇ ಬೇಡ.

ಮುಂಭಾಗದ ಕೆಳಮೂಲೆಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದರ ಹಿಂದೆ ತಿರುಗಿಸುವ ಫಿಲ್ಟರ್, ಹಲವು ಮಾಡೆಲ್‌ಗಳಲ್ಲಿ ಅದರ ಪಕ್ಕಕ್ಕೆ ಬಿರಡೆ ಹಾಕಿದ ಸಣ್ಣ ರಬ್ಬರ್ ಪೈಪು ಕೂಡ ಇರುತ್ತದೆ. ಬಕೆಟ್ ಅಷ್ಟು ಕೆಳಗೆ ಹಿಡಿಸುವುದಿಲ್ಲ, ಅಗಲವಾದ ತಗ್ಗು ಪಾತ್ರೆ ಇಟ್ಟುಕೊಳ್ಳಿ. ಪೈಪನ್ನು ಎಳೆದು ಬಿರಡೆ ತೆಗೆಯಿರಿ. ಪಾತ್ರೆ ತುಂಬುತ್ತಲೇ ಬಿರಡೆ ಹಾಕಿ, ಚೆಲ್ಲಿ ಬಂದು ಮತ್ತೆ ಬಿಡಿ. ಗಾಜಿನವರೆಗೆ ನೀರಿದ್ದರೆ ಹತ್ತು ಲೀಟರಿಗೂ ಮೀರಿ ಬರಬಹುದು. ಪೈಪು ಇಲ್ಲದಿದ್ದರೆ ಫಿಲ್ಟರನ್ನೇ ಕಾಲು ಸುತ್ತು ಸಡಿಲಿಸಿ ನೀರು ಸಣ್ಣಗೆ ಒಸರುವಂತೆ ಮಾಡಿ. ಒಮ್ಮೆಲೇ ಪೂರ್ತಿ ತಿರುಗಿಸಿದರೆ ನೀರೆಲ್ಲ ನುಗ್ಗಿ ನೆಲ ತುಂಬುತ್ತದೆ, ಆ ರಭಸದಲ್ಲಿ ಫಿಲ್ಟರನ್ನು ಮತ್ತೆ ಕೂರಿಸುವುದೂ ಕಷ್ಟ.

ನೀರು ಇಳಿದ ಮೇಲೆ, ಪ್ಲಗ್ ಕಿತ್ತ ಸ್ಥಿತಿಯಲ್ಲೇ ಐದು ನಿಮಿಷ ಬಿಟ್ಟು ಬಾಗಿಲು ತೆಗೆದು ನೋಡಿ. ತುಂಬಿದ ಬಟ್ಟೆ ಒಳಗಿನಿಂದ ಒತ್ತುತ್ತಿದ್ದರೆ ಕೊಕ್ಕೆ ಬಿಗಿದಿರುತ್ತದೆ. ಬಾಗಿಲನ್ನು ಅಂಗೈಯಿಂದ ಒಳಕ್ಕೆ ಅದುಮಿ ಹಿಡಿದು ಹಿಡಿ ಎಳೆಯಿರಿ. ಕೆಲವು ಮಷಿನ್ನುಗಳ ಲಾಕು ವಿದ್ಯುತ್ ಸಂಕೇತ ಬಂದಾಗ ಮಾತ್ರ ಬಿಡುತ್ತದೆ. ಹಾಗಿದ್ದರೆ ಮೊದಲು ಫಿಲ್ಟರ್ ಬಿಗಿ ಮಾಡಿ, ಪ್ಲಗ್ ಹಾಕಿ ಆನ್ ಮಾಡಬೇಕು. ಒಗೆಯುವ ನಡುವೆ ಕರೆಂಟ್ ಹೋಗಿ ಬಾಗಿಲು ಸಿಕ್ಕಿಕೊಳ್ಳುವುದು ಇಂಥವುಗಳಲ್ಲೇ.

ಇನ್ನೂ ಬಿಡದಿದ್ದರೆ ಫಿಲ್ಟರಿನ ಮುಚ್ಚಳದ ಹಿಂದೆಯೇ ಇಣುಕಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ತುರ್ತಿಗಾಗಿ ಒಂದು ಬಣ್ಣದ ಪ್ಲಾಸ್ಟಿಕ್ ಕೊಂಡಿ ಅಥವಾ ದಾರ ಇರುತ್ತದೆ. ಅದನ್ನು ನಿಧಾನವಾಗಿ ಕೆಳಕ್ಕೆ ಎಳೆದರೆ ಲಾಕ್ ಬಿಟ್ಟುಕೊಳ್ಳುತ್ತದೆ. ನೀರಿರುವಾಗ, ಡ್ರಮ್ ಸುತ್ತುತ್ತಿರುವಾಗ ಇದನ್ನು ಮುಟ್ಟಬಾರದು. ಬಾಗಿಲ ಸಂದಿನಲ್ಲಿ ದಾರ ಹಾಕಿ ಎಳೆಯುವ ಉಪಾಯ ಹಿಡಿ ಮುರಿದಾಗ, ಅಂದರೆ ‘ಟಿಕ್’ ಕೇಳಿದರೂ ಬಾಗಿಲು ಬಾರದಾಗ ಕೆಲಸಕ್ಕೆ ಬರುತ್ತದೆ. ಲಾಕ್ ಇನ್ನೂ ಹಿಡಿದಿರುವಾಗ ಅದನ್ನು ಮಾಡಿದರೆ ಕೊಕ್ಕೆಯೇ ಮುರಿಯುತ್ತದೆ.

ಡ್ರಮ್ ಖಾಲಿಯಾದರೂ ಮತ್ತೆ ಮತ್ತೆ ಬಾಗಿಲು ಹಿಡಿದುಕೊಳ್ಳುತ್ತಿದ್ದರೆ, ಮಟ್ಟದ ಸೆನ್ಸರಿಗೆ ಹೋಗುವ ತೆಳು ಗಾಳಿಕೊಳವೆಯ ಬಾಯಲ್ಲಿ ಸೋಪಿನ ಗಸಿ ಕಟ್ಟಿ, ಗಾಳಿ ಒಳಗೇ ಉಳಿದು ನೀರಿದೆಯೆಂದು ತೋರಿಸುತ್ತಿರಬಹುದು. ಪುಡಿ ಹೆಚ್ಚು ಹಾಕುವ ಮನೆಗಳಲ್ಲಿ ಇದು ಬೇಗ ಬರುತ್ತದೆ. ಅದನ್ನು ಬಿಚ್ಚಿ ತೊಳೆಯುವುದು ಮೆಕ್ಯಾನಿಕ್ ಕೆಲಸ.

ಕೊನೆಗೆ, ಪ್ಲಗ್ ಕಿತ್ತಿರುವಾಗಲೇ ಫಿಲ್ಟರ್ ತೊಳೆದು, ಒಳಗೆ ಟಾರ್ಚ್ ಬಿಟ್ಟು ಪಂಪಿನ ಪುಟ್ಟ ಚಕ್ರವನ್ನು ಬೆರಳಿಂದ ತಿರುಗಿಸಿ ನೋಡಿ. ಅದು ತಡೆತಡೆದು ತಿರುಗುವುದು ಸಹಜ, ನೂಲೋ ಕೂದಲೋ ಸುತ್ತಿಕೊಂಡಿದ್ದರೆ ಬಿಡಿಸಿ. ಫಿಲ್ಟರ್ ಬಿಗಿದು, ಪುಡಿ ಹಾಕುವ ಡ್ರಾಯರಿನಿಂದ ಎರಡು ಲೀಟರ್ ನೀರು ಸುರಿದು ಡ್ರೈನ್ ಹಾಕಿ. ಫಿಲ್ಟರಿನಿಂದ ಹನಿ ಬಿದ್ದರೆ ಅದು ನೆಟ್ಟಗೆ ಕೂತಿಲ್ಲ, ಬಿಚ್ಚಿ ರಬ್ಬರ್ ರಿಂಗ್ ಒರೆಸಿ ಮತ್ತೆ ಹಾಕಿ.