ಹ್ಯಾಲೊಪೆರಿಡಾಲ್ ಜೊತೆ ಒಂಡಾನ್ಸೆಟ್ರಾನ್: ಇಸಿಜಿ ಮತ್ತು ಲವಣಾಂಶಗಳ ನಿಗಾ

ಪ್ರಶ್ನೆ: ಹ್ಯಾಲೊಪೆರಿಡಾಲ್ ಪಡೆಯುತ್ತಿರುವ ರೋಗಿಗೆ ವಾಂತಿಗೆಂದು ಒಂಡಾನ್ಸೆಟ್ರಾನ್ ಕೊಡಬೇಕಾಗಿದೆ, ವಾರ್ಡಿನಲ್ಲಿ ಏನನ್ನು ಗಮನಿಸಬೇಕು?

ಉತ್ತರ: ಎರಡೂ ಔಷಧಗಳು ಇಸಿಜಿಯ ಕ್ಯೂಟಿ ಅಂತರವನ್ನು ಹಿಗ್ಗಿಸುತ್ತವೆ, ವಾಂತಿಯಿಂದ ಪೊಟ್ಯಾಸಿಯಂ ಇಳಿದಿದ್ದರೆ ಮಾರಕ ಲಯದೋಷದ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಒಂಡಾನ್ಸೆಟ್ರಾನ್ ಕೊಡುವ ಮೊದಲೇ ಇಸಿಜಿ ತೆಗೆದು, ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ನೋಡಿ, ಕೊಟ್ಟ ಮೇಲೆ ಇಸಿಜಿಯನ್ನು ಮತ್ತೆ ತೆಗೆಯಬೇಕು. ಉದಾಹರಣೆಗೆ, ನಾಡಿ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ ಅಂತರವಾದ ಕ್ಯೂಟಿಸಿ 440ರಿಂದ 505 ಮಿಲಿಸೆಕೆಂಡಿಗೆ ಏರಿ, ಪೊಟ್ಯಾಸಿಯಂ ಲೀಟರಿಗೆ 3.1 ಮಿಲಿಮೋಲ್‌ಗೆ ಇಳಿದಿದ್ದರೆ, 500 ದಾಟಿದ್ದೂ 60ಕ್ಕಿಂತ ಹೆಚ್ಚು ಏರಿದ್ದೂ ಎರಡೂ ಅಪಾಯದ ಸೂಚನೆಗಳಾದ್ದರಿಂದ, ಎರಡೂ ಔಷಧಗಳ ಮುಂದಿನ ಡೋಸ್ ತಡೆಹಿಡಿದು, ವೈದ್ಯರಿಗೆ ಕೂಡಲೇ ತಿಳಿಸಿ, ರೋಗಿಗೆ ಹೃದಯದ ಮಾನಿಟರ್ ಹಾಕಬೇಕು. ಪೊಟ್ಯಾಸಿಯಂ ಕೊಟ್ಟರೂ ಮಟ್ಟ ಏರದಿದ್ದರೆ ಮೆಗ್ನೀಸಿಯಂ ಕೊರತೆ ಇರಬಹುದು. ಅದನ್ನು ಸರಿಪಡಿಸದೆ ಪೊಟ್ಯಾಸಿಯಂ ಮಟ್ಟ ಸರಿಯಾಗಿ ಉಳಿಯುವುದಿಲ್ಲ. ನಾಡಿ ವೇಗವಾಗಿದ್ದಾಗ ಬ್ಯಾಜೆಟ್ ಸೂತ್ರವು ಕ್ಯೂಟಿಸಿಯನ್ನು ಹೆಚ್ಚಾಗಿ ತೋರಿಸುವುದರಿಂದ, ಫ್ರೆಡರಿಸಿಯಾ ಸೂತ್ರದಿಂದಲೂ ಲೆಕ್ಕ ಹಾಕುವುದು ಒಳ್ಳೆಯದು.